ಹೊಸ್ತಿಲ ಒಳಗಿನ ಅಳತೆ

ಕರಾವಳಿಯಿಂದ ಊರಿಗೆ ಮರಳಿ ಐದು ತಿಂಗಳಾಯಿತು. ಪ್ರಬಂಧ ಕಾಲೇಜಿಗೆ ಸಲ್ಲಿಕೆಯಾಗಿದೆ, ಅದರ ನಕ್ಷೆಗಳು ಒಂದು ಕೊಳವೆಯಲ್ಲಿ ಸುತ್ತಿಕೊಂಡು ನಮ್ಮ ಮನೆಯ ಅಟ್ಟದ ಮೇಲಿವೆ. ಆದರೂ ಆಗೊಮ್ಮೆ ಈಗೊಮ್ಮೆ ಕೊಳವೆ ಇಳಿಸಿ ಏಳನೆಯ ಹಾಳೆಯನ್ನು ಬಿಡಿಸಿ ನೋಡುತ್ತೇನೆ. ಅದು ಗರ್ಭಗುಡಿಯ ನೆಲನಕ್ಷೆ. ಗೋಡೆಯ ಹೊರಗೆರೆ ಮುಂಬಾಗಿಲಿನಿಂದ ಹೊರಟು, ಹಿಂದೆ ಆನೆಯ ಬೆನ್ನಿನಂತೆ ದುಂಡಗೆ ಬಳಸಿ, ಮತ್ತೆ ಬಾಗಿಲಿಗೆ ಬಂದು ಸೇರುತ್ತದೆ. ಒಳಗೆರೆ ಮಾತ್ರ ಎರಡೂ ಬದಿಯಲ್ಲಿ ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿದೆ.

ನನ್ನದು ಮಲಪ್ರಭೆಯ ದಂಡೆಯ ಹಳ್ಳಿ. ಐಹೊಳೆ ಅಲ್ಲಿಂದ ಸೈಕಲ್ ತುಳಿಯುವಷ್ಟು ದೂರ. ಅಲ್ಲಿಯ ದುರ್ಗ ಗುಡಿಯ ಹಿಂಬದಿಯೂ ಹೀಗೇ ದುಂಡಗಿದೆ. ಹುಡುಗರಾಗಿದ್ದಾಗ ಆ ದುಂಡಿನ ಸುತ್ತಲಿನ ಕಂಬದ ಸಾಲಿನಲ್ಲಿ ಕಣ್ಣಾಮುಚ್ಚಾಲೆ ಆಡಿದವರು ನಾವು. ಹೆಸರು ದುರ್ಗೆಯಿಂದಲ್ಲ, ಕೋಟೆ ಎಂಬ ಅರ್ಥದ ದುರ್ಗದಿಂದ ಬಂದದ್ದು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ವಾಸ್ತುಶಿಲ್ಪ ಓದಲು ಹೋದಾಗ ಈ ಆಕಾರಕ್ಕೆ ಗಜಪೃಷ್ಠ ಎನ್ನುತ್ತಾರೆಂದೂ, ತುಳುನಾಡಿನಲ್ಲಿ ಇಂಥ ಗರ್ಭಗುಡಿಗಳು ಬೇಕಾದಷ್ಟಿವೆಯೆಂದೂ, ಉಡುಪಿಯ ಅನಂತೇಶ್ವರವೂ ಅವುಗಳಲ್ಲೊಂದೆಂದೂ ಗೊತ್ತಾಯಿತು. ನಮ್ಮಲ್ಲಿ ಪೂಜೆ ನಿಂತು ಕೆಂಪು ಮರಳುಗಲ್ಲು ಮಾತ್ರ ಉಳಿದ ಆಕಾರ, ಅಲ್ಲಿ ದಿನಕ್ಕೆ ಮೂರು ಹೊತ್ತು ದೀಪ ಹಚ್ಚಿಸಿಕೊಂಡು ಬದುಕಿದೆ. ಪ್ರಬಂಧಕ್ಕೆ ಇದೇ ವಿಷಯವಾಯಿತು. ಅಡಿಕೆ ತೋಟದ ನಡುವಿನ ಒಂದು ಸಣ್ಣ ದೇವಸ್ಥಾನವನ್ನು ಆರಿಸಿಕೊಂಡೆ. ಹೆಸರು ಹೇಳುವುದಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಫೆಬ್ರುವರಿಯಲ್ಲಿ ಟ್ರಸ್ಟಿಗೆ ಮೊದಲ ಪತ್ರ ಕಳಿಸಿದೆ. ಕಾಲೇಜಿನ ಮುದ್ರೆಯಿದ್ದ ಹಾಳೆ, ಇಂಗ್ಲಿಷ್ ಭಾಷೆ, ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ. ದೇವಸ್ಥಾನದ ಸಂಪೂರ್ಣ ದಾಖಲೀಕರಣ, ಗರ್ಭಗುಡಿಯ ಒಳಹೊರಗಿನ ಅಳತೆ, ಡ್ರೋನ್ ಚಿತ್ರಗಳು, ಎಲ್ಲ ಭಾಗಗಳ ಛಾಯಾಚಿತ್ರಗಳು, ಏಪ್ರಿಲ್ ಎರಡನೆಯ ವಾರದಲ್ಲಿ ನಾಲ್ಕು ದಿನ ಎಂದೆಲ್ಲ ಅದರಲ್ಲಿತ್ತು. ಒಂದೂವರೆ ತಿಂಗಳು ಕಾದರೂ ಉತ್ತರ ಬರಲಿಲ್ಲ. ಮಾರ್ಚ್ ಕೊನೆಗೆ ನಾನೇ ಬಸ್ಸು ಹತ್ತಿದೆ.

ಘಟ್ಟ ಇಳಿಯುವಾಗ ಬೆಳಗಾಯಿತು. ದೂರದವರೆಗೂ ಕಣ್ಣು ಹಾಯುವ ಬಯಲಿನಿಂದ ಬಂದವನಿಗೆ ಅಲ್ಲಿ ಹತ್ತು ಮಾರು ಆಚೆಗಿನದು ಕಾಣುವುದಿಲ್ಲ. ಎಲ್ಲ ಕಡೆ ಹಸಿರೇ ಅಡ್ಡ ನಿಲ್ಲುತ್ತದೆ. ದೇವಸ್ಥಾನವೂ ಹಾಗೆಯೇ ಕೊನೆಯ ತಿರುವಿನವರೆಗೆ ಕಾಣಿಸಲಿಲ್ಲ. ಮೊದಲು ಕಂಡದ್ದು ತಾಮ್ರದ ಮಾಡಿನ ತುದಿಯ ಮುಗುಳಿ, ಆಮೇಲೆ ಮುರಕಲ್ಲಿನ ಸುತ್ತುಪೌಳಿ.

ಆಡಳಿತ ಮೊಕ್ತೇಸರರು ಕಚೇರಿಯ ಬೆಂಚಿನ ಮೇಲೆ ಕೂತು ಜಾತ್ರೆಯ ಆಮಂತ್ರಣ ಪತ್ರಿಕೆಗಳ ಮೇಲೆ ವಿಳಾಸ ಬರೆಯುತ್ತಿದ್ದರು. ಎಪ್ಪತ್ತರ ಆಸುಪಾಸಿನ ಹಿರಿಯರು. ನನ್ನ ಪತ್ರ ಅವರ ಫೈಲಿನಲ್ಲೇ ಇತ್ತು.

"ನೀವು ಕೇಳಿದ ದಿನ ಯಾವುದು ಗೊತ್ತುಂಟಾ? ವಿಷುವಿನ ವಾರ. ಅಷ್ಟು ಹೊತ್ತಿಗೆ ನಮ್ಮಲ್ಲಿ ಜಾತ್ರೆಯ ಕೊಡಿ ಏರಿರ್ತದೆ. ಕೊಡಿ ಏರಿದ ಮೇಲೆ ಅಂಗಣದಲ್ಲಿ ದಾರ ಕಟ್ಟಿಕೊಂಡು ಕೂರ್ಲಿಕ್ಕೆ ಯಾರನ್ನಾದರೂ ಬಿಡ್ಲಿಕ್ಕೆ ಆಗ್ತದಾ ಮಾರಾಯ್ರೆ?"

ನಾನು ಪಂಚಾಂಗ ನೋಡಿರಲಿಲ್ಲ, ಕಾಲೇಜಿನ ರಜೆಯ ಪಟ್ಟಿ ನೋಡಿದ್ದೆ. ಅವರು ಗದರಿಸದೆ ಒಂದೊಂದಾಗಿ ಹೇಳುತ್ತ ಹೋದರು. ಗರ್ಭಗುಡಿಯ ಒಳಗೆ ಅರ್ಚಕರಲ್ಲದೆ ಬೇರೆಯವರು ಕಾಲಿಡುವುದಿಲ್ಲ. ಹೋದ ಸಲ ಒಬ್ಬರು ಬಂದು ಚಿತ್ರ ತೆಗೆದು ದೇವರ ಆಭರಣವನ್ನೆಲ್ಲ ಅಚ್ಚು ಹಾಕಿಸಿದರು. ಆ ವರ್ಷವೇ ಯಾರೋ ಭಂಡಾರದ ಬೀಗ ಮೀಟಿದರು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ಟ್ರಸ್ಟಿನವರ ಮನಸ್ಸಿನಲ್ಲಿ ಅವು ಒಂದೇ ಗಂಟಿನಲ್ಲಿ ಕೂತಿವೆ. "ನಿಮ್ಮ ಪುಸ್ತಕ ಲೈಬ್ರರಿಯಲ್ಲಿ ಇರ್ತದಲ್ಲ? ಯಾರು ಬೇಕಾದ್ರೂ ನೋಡ್ಬಹುದಲ್ಲ? ಬಾಗಿಲು ಎಷ್ಟು ಅಗಲ, ಭಂಡಾರ ಯಾವ ಮೂಲೆ, ಎಲ್ಲ ಅದರಲ್ಲಿ ಇರ್ತದಾ?"

ಈ ಪ್ರಶ್ನೆಯನ್ನು ನನಗೆ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. ಕಂಡದ್ದನ್ನೆಲ್ಲ ದಾಖಲಿಸುವುದೇ ಒಳ್ಳೆಯ ನಕ್ಷೆಯ ಲಕ್ಷಣ ಎಂದು ಕಲಿತಿದ್ದೆ. ನಮ್ಮ ಕಡೆಯ ಗುಡಿಗಳಿಗೆ ಆ ಮಾತು ಒಪ್ಪುತ್ತದೆ. ಅವು ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ, ಕದಿಯುವಂಥದ್ದು ಒಳಗೆ ಏನೂ ಇಲ್ಲ, ಇಲಾಖೆ ಒಪ್ಪಿದರೆ ಗರ್ಭಗುಡಿಯಲ್ಲೇ ಕೂತು ಅಳೆಯಬಹುದು. ಇಲ್ಲಿ ಒಡೆಯ ಒಳಗೇ ಇದ್ದಾನೆ. ಯಾರದೋ ಮನೆಯ ಮಲಗುವ ಕೋಣೆ ಅಳೆಯಲು ಬಂದವನಂತೆ ನಾನು ಹೊರಗೆ ನಿಂತಿದ್ದೆ.

ಮಹಾಪೂಜೆ ಮುಗಿದು ಊಟಕ್ಕೆ ಕರೆದರು. ಬಾಳೆಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಕೊನೆಗೆ ಪಾಯಸ ಮತ್ತು ಮಜ್ಜಿಗೆ. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ನಾಲಿಗೆಗೆ ಆ ದಪ್ಪ ಅಗುಳು ಹೊಸದು. ಪಕ್ಕದಲ್ಲಿ ಕೂತಿದ್ದ ಆಚಾರಿಯೊಬ್ಬರು ಮಾತಿಗೆಳೆದರು. ಮಾಡಿನ ಪಕ್ಕಾಸುಗಳು ಹಿಂಬದಿಯ ದುಂಡಿನಲ್ಲಿ ಕುಂಬಾಗಿವೆಯಂತೆ. ಮುಂದಿನ ವರ್ಷ ಜೀರ್ಣೋದ್ಧಾರಕ್ಕೆ ಕೈಹಾಕಬೇಕಂತೆ. "ಬಿಚ್ಚುವ ಮೊದಲು ಯಾರಾದರೂ ಸರಿಯಾಗಿ ಬರೆದಿಟ್ಟರೆ ನಮಗೂ ಬೇಕಿತ್ತು. ದುಂಡಿನಲ್ಲಿ ಒಂದು ಪಕ್ಕಾಸಿನ ಹಾಗೆ ಇನ್ನೊಂದು ಇರುವುದಿಲ್ಲ" ಎಂದರು. ನನಗೆ ಬೇಕಾದದ್ದು ಅವರಿಗೂ ಬೇಕಿತ್ತು ಎಂದು ಎಲೆಯ ಮುಂದೆ ಕೂತಾಗಲೇ ತಿಳಿಯಿತು.

ಅಂದು ಮಧ್ಯಾಹ್ನ ಆ ಬೆಂಚಿನ ಮೇಲೆಯೇ ಕೂತು ಎರಡನೆಯ ಪತ್ರ ಬರೆದೆ. ಕೈಬರಹ, ಕನ್ನಡ, ಎರಡು ಪುಟ. ಅದರ ಮುಖ್ಯ ಭಾಗ ಹೀಗಿತ್ತು:

"ಮಾನ್ಯ ಆಡಳಿತ ಮೊಕ್ತೇಸರರಿಗೆ ಮತ್ತು ಟ್ರಸ್ಟಿನ ಸರ್ವ ಸದಸ್ಯರಿಗೆ ವಂದನೆಗಳು. ಗಜಪೃಷ್ಠ ಗರ್ಭಗುಡಿಗಳ ಕುರಿತ ನನ್ನ ಪ್ರಬಂಧಕ್ಕಾಗಿ ತಮ್ಮ ದೇವಸ್ಥಾನದ ಗರ್ಭಗುಡಿಯನ್ನು ಹೊರಗಿನಿಂದ ಅಳೆಯಲು ಮತ್ತು ಹೊರಮೈಯ ಛಾಯಾಚಿತ್ರ ತೆಗೆಯಲು ಅನುಮತಿ ಕೋರುತ್ತೇನೆ. ಪತ್ತನಾಜೆ ಕಳೆದ ಮೇಲೆ, ಮಳೆಗಾಲಕ್ಕೆ ಮುಂಚೆ, ಮೂರು ದಿನ ಸಾಕು. ಮಹಾಪೂಜೆಯಾಗಿ ಬಾಗಿಲು ಹಾಕಿದ ಮೇಲೆ ಶುರು ಮಾಡಿ, ಸಂಜೆ ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು ಅಂಗಣ ಖಾಲಿ ಮಾಡುತ್ತೇನೆ. ನನ್ನೊಂದಿಗೆ ಒಬ್ಬ ಸಹಪಾಠಿ ಮಾತ್ರ ಇರುತ್ತಾನೆ. ಇಬ್ಬರೂ ಪಂಚೆ ಉಟ್ಟು, ಅಂಗಿ ಕಳೆದು ಬರುತ್ತೇವೆ.

"ತರುವ ಸಾಮಾನು: ಟೇಪು, ಲೇಸರ್ ಅಳತೆಯಂತ್ರ, ತೂಗುಗುಂಡು, ದಾರ, ಕ್ಯಾಮೆರಾ, ಮುಕ್ಕಾಲಿ. ಮುಕ್ಕಾಲಿಯ ಕಾಲಿಗೆ ಬಟ್ಟೆ ಕಟ್ಟುತ್ತೇವೆ. ಚರ್ಮದ ಚೀಲ, ಪಟ್ಟಿ ಯಾವುದನ್ನೂ ಅಂಗಣಕ್ಕೆ ತರುವುದಿಲ್ಲ. ಮೊಳೆ ಹೊಡೆಯುವುದಿಲ್ಲ, ಸೀಮೆಸುಣ್ಣದ ಗುರುತು ಹಾಕುವುದಿಲ್ಲ, ಬಲಿಕಲ್ಲುಗಳನ್ನು ಮುಟ್ಟುವುದಿಲ್ಲ. ಫ್ಲ್ಯಾಶ್ ಬಳಸುವುದಿಲ್ಲ, ಡ್ರೋನ್ ಹಾರಿಸುವುದಿಲ್ಲ.

"ದೇವರ, ಆಭರಣದ, ಭಂಡಾರದ ಚಿತ್ರ ತೆಗೆಯುವುದಿಲ್ಲ. ಭಂಡಾರ, ಬೀಗ, ಹುಂಡಿಯ ಸ್ಥಳ ನಕ್ಷೆಯಲ್ಲಿ ಇರುವುದಿಲ್ಲ. ಪ್ರಬಂಧದಲ್ಲಿ ಊರಿನ ಹೆಸರು ಬರೆಯುವುದಿಲ್ಲ. ಸಲ್ಲಿಸುವ ಮೊದಲು ನಕ್ಷೆಗಳನ್ನೆಲ್ಲ ತಮಗೆ ತೋರಿಸಿ, ತಾವು ಬೇಡವೆಂದದ್ದನ್ನು ತೆಗೆಯುತ್ತೇನೆ. ಜೀರ್ಣೋದ್ಧಾರದ ಕೆಲಸಕ್ಕಾಗಿ ಒಂದು ಪೂರ್ತಿ ಪ್ರತಿಯನ್ನು ತಮಗೆ ಒಪ್ಪಿಸುತ್ತೇನೆ.

"ಗರ್ಭಗುಡಿಯ ಒಳ ಅಗಲ ಒಂದು ಮಾತ್ರ ಹೊರಗಿನಿಂದ ತಿಳಿಯುವಂತಿಲ್ಲ. ಅರ್ಚಕರಿಗೆ ಸಮ್ಮತವಾದರೆ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ, ಅವರೇ ಅದನ್ನು ಅಳೆದು ತಿಳಿಸಬೇಕಾಗಿ ವಿನಂತಿ."

ಮೊಕ್ತೇಸರರು ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲ ಪತ್ರವನ್ನು ಸಭೆಯಲ್ಲಿ ಓದಲು ಯಾರೂ ಮುಂದಾಗಲಿಲ್ಲವಂತೆ. ಇದನ್ನು ತಾವೇ ಓದಿ ಹೇಳುತ್ತೇನೆಂದರು. ಹದಿನೈದು ದಿನಕ್ಕೆ ಒಪ್ಪಿಗೆಯ ಕಾಗದ ಬಂತು, ಮೂಲೆಗೆ ಕುಂಕುಮ ಹತ್ತಿತ್ತು. ಮೊದಲ ಪತ್ರದಲ್ಲಿ ನನಗೆ ಏನು ಬೇಕು ಎಂಬುದಷ್ಟೇ ಇತ್ತು. ಎರಡನೆಯದರ ಹೆಚ್ಚಿನ ಸಾಲುಗಳು ನಾನು ಏನು ಮಾಡುವುದಿಲ್ಲ ಎಂಬುದರವು. ಅವರು ತಿಳಿಯಬೇಕೆಂದಿದ್ದದ್ದು ಅದನ್ನೇ.

ಮೇ ಕೊನೆಯ ವಾರ ಮತ್ತೆ ಹೋದೆವು. ಪತ್ತನಾಜೆಗೆ ಉತ್ಸವಗಳೆಲ್ಲ ಮುಗಿದು ಅಂಗಣ ನಿಶ್ಶಬ್ದವಾಗಿತ್ತು. ಹಾಸುಗಲ್ಲು ಕಾದು ಅಂಗಾಲು ಸುಡುತ್ತಿತ್ತು. ದುಂಡನ್ನು ಅಳೆಯುವುದೇ ಮೊದಲ ಸವಾಲು. ಅದರ ಕೇಂದ್ರ ಗರ್ಭಗುಡಿಯ ಒಳಗಿರುವುದರಿಂದ ಅಲ್ಲಿ ನಿಂತು ತ್ರಿಜ್ಯ ಹಿಡಿಯುವಂತಿಲ್ಲ. ಆದ್ದರಿಂದ ಗುಡಿಯನ್ನು ಒಂದು ಆಯತದೊಳಗೆ ಕೂಡಿಸಿದೆವು. ಮರಳು ತುಂಬಿದ ಚೀಲಗಳಿಗೆ ದಾರ ಕಟ್ಟಿ ನಾಲ್ಕೂ ಕಡೆ ಬಿಗಿದೆವು. ಮೂಲೆಯಿಂದ ಒಂದು ದಾರದಲ್ಲಿ 3 ಮೀಟರ್, ಇನ್ನೊಂದರಲ್ಲಿ 4 ಮೀಟರ್ ಗುರುತಿಸಿದಾಗ ಅವೆರಡರ ನಡುವೆ ಸರಿಯಾಗಿ 5 ಮೀಟರ್ ಬಂದರೆ ಆ ಮೂಲೆ ಲಂಬಕೋನ. ಆಮೇಲೆ ದಾರದ ಉದ್ದಕ್ಕೂ 20 ಸೆಂ.ಮೀ.ಗೊಮ್ಮೆ ನಿಂತು, ಅಲ್ಲಿಂದ ಗೋಡೆ ಎಷ್ಟು ದೂರ ಎಂದು ಬರೆದುಕೊಳ್ಳುತ್ತ ಹೋದೆವು. ಆ ಚುಕ್ಕೆಗಳನ್ನು ಕಾಗದದ ಮೇಲೆ ಕೂಡಿಸಿದರೆ ದುಂಡು ತಾನಾಗಿ ಮೂಡುತ್ತದೆ.

ಮೂಡಿದ ದುಂಡು ಒಂದು ಕಡೆ 4 ಸೆಂ.ಮೀ. ಉಬ್ಬಿತ್ತು. ನಮ್ಮ ದಾರವೇ ಜಗ್ಗಿದ್ದರೆ? ಪಕ್ಕದ ಬದಿಯ ದಾರದಿಂದ ಅದೇ ಜಾಗವನ್ನು ಮತ್ತೆ ಅಳೆದೆವು. ಆಗಲೂ ಅಷ್ಟೇ ಬಂತು. ತಪ್ಪು ದಾರದ್ದಾಗಿದ್ದರೆ ಎರಡೂ ಕಡೆಯಿಂದ ಒಂದೇ ಜಾಗದಲ್ಲಿ, ಒಂದೇ ಪ್ರಮಾಣದಲ್ಲಿ ಬರುತ್ತಿರಲಿಲ್ಲ. ಉಬ್ಬು ಗೋಡೆಯದೇ. ಆಚಾರಿಯವರು ಬಂದು ಬೆರಳಿನ ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು ಬಂತು. ಮುರಕಲ್ಲನ್ನು ಬಿಟ್ಟು ಗಾರೆ ಎದ್ದಿತ್ತು, ಅದರ ನೇರ ಮೇಲೆಯೇ ಕುಂಬಾದ ಪಕ್ಕಾಸು.

ಎರಡನೆಯ ದಿನ ಮಧ್ಯಾಹ್ನ ಮಳೆ ಬಂತು. ನಮ್ಮಲ್ಲಿ ಮಳೆ ಬಂದರೆ ಓಡಿ ಹೋಗಿ ಅಂಗಳದಲ್ಲಿ ನಿಲ್ಲುತ್ತೇವೆ. ಐಹೊಳೆಯ ಗುಡಿಯ ಕಲ್ಲು ಆ ಒಂದೆರಡು ಹದ ಮಳೆಯನ್ನು ಮೈಮೇಲೆ ಕುಡಿದುಬಿಡುತ್ತದೆ. ಇಲ್ಲಿ ಸುತ್ತುಪೌಳಿಯೊಳಗೆ ಸರಿದು ಕೂತು ನೋಡಿದೆ. ತಾಮ್ರದ ಮಾಡಿನಿಂದ ನೀರು ಒಂದೇ ಪರದೆಯಾಗಿ ಇಳಿಯುತ್ತಿತ್ತು. ಪರದೆ ಬೀಳುತ್ತಿದ್ದದ್ದು ಗೋಡೆಯಿಂದ ಒಂದು ಮಾರು ಆಚೆ, ಅಧಿಷ್ಠಾನದ ಅಂಚಿಗೂ ಹೊರಗೆ. ಅಷ್ಟು ಹೊತ್ತು ಸುರಿದರೂ ಗೋಡೆಗೆ ಹನಿ ತಾಗಲಿಲ್ಲ, ಆ ಗಾರೆ ಎದ್ದ ಜಾಗವೊಂದನ್ನು ಬಿಟ್ಟು. ಅಲ್ಲಿ ಮಾಡಿನ ಅಂಚು ಜಗ್ಗಿ, ನೀರು ಒಳಕ್ಕೆ ತಿರುಗಿ, ಗೋಡೆಯ ಗುಂಟ ತೆಳ್ಳಗೆ ಇಳಿಯುತ್ತಿತ್ತು. ಹಿಂದಿನ ದಿನ ದಾರ ಹೇಳಿದ್ದನ್ನು ಇಂದು ಮಳೆ ತೋರಿಸಿತು. ಮಾಡಿನ ಚಾಚು, ಗೋಡೆ, ನೆಲ ಒಂದಕ್ಕೊಂದು ಹೇಗೆ ಹೊಂದಿವೆ ಎಂಬುದು ನನಗೆ ಪುಸ್ತಕದಿಂದ ಹೊಳೆದಿರಲಿಲ್ಲ.

ಒಳ ಅಗಲದ ಮಾತು ಮೂರನೆಯ ದಿನಕ್ಕೆ ಉಳಿದಿತ್ತು. ಗೋಡೆಯ ಹೊರ ಅಗಲ 4.32 ಮೀಟರ್. ಬಾಗಿಲ ಪಕ್ಕದಲ್ಲಿ ಗೋಡೆಯ ದಪ್ಪ 72 ಸೆಂ.ಮೀ. ಕೇರಳದ ತಚ್ಚುಶಾಸ್ತ್ರದಲ್ಲಿ 24 ಅಂಗುಲದ ಕೋಲು ಎಂದರೆ ಸುಮಾರು 72 ಸೆಂ.ಮೀ. ಅಂದರೆ ಹೊರಗೆ ಆರು ಕೋಲು, ಗೋಡೆ ಒಂದು ಕೋಲು. ಬದಿಯ ಗೋಡೆಗಳೂ ಅಷ್ಟೇ ದಪ್ಪವಾಗಿದ್ದರೆ ಒಳಗೆ ನಾಲ್ಕು ಕೋಲು, 2.88 ಮೀಟರ್ ಸಿಗಬೇಕು. ಆದರೆ ಈ ಕಡೆಯ ಕೆಲವು ಗುಡಿಗಳಲ್ಲಿ ಹೊರಗೋಡೆಯ ಒಳಗೆ ಇನ್ನೊಂದು ಗೋಡೆ ಇರುತ್ತದೆ. ಲೆಕ್ಕ ನಂಬಿ ಗೆರೆ ಎಳೆಯುವಂತಿಲ್ಲ.

ಅರ್ಚಕರಾದ ಭಟ್ರು ಬಾಗಿಲು ಹಾಕುವ ಮುಂಚೆ ನನ್ನ ಕೈಯ ಲೇಸರ್ ಯಂತ್ರವನ್ನು ಕುತೂಹಲದಿಂದ ನೋಡಿದರು. ತೀರ್ಥಮಂಟಪದ ಹೊರಗೆ ನಿಂತು ಗುಂಡಿ ಒತ್ತಿದರೆ ಒಳಗೋಡೆಯವರೆಗಿನ ದೂರ ಕ್ಷಣದಲ್ಲಿ ಬರುತ್ತದೆ ಎಂದು ವಿವರಿಸಿದೆ.

"ಆ ಕೆಂಪು ಚುಕ್ಕೆ ಎಲ್ಲಿ ಬೀಳ್ತದೆ?"

ನಾನು ಉತ್ತರಿಸಲಿಲ್ಲ. ಬಾಗಿಲಿನಿಂದ ಹಿಂಗೋಡೆಗೆ ಹೋಗುವ ದಾರಿಯಲ್ಲಿ ದೇವರಿದ್ದಾನೆ. ಯಂತ್ರವನ್ನು ಚೀಲಕ್ಕೆ ಹಾಕಿದೆ. ಭಟ್ರು ಹೂವಿನ ಮಾಲೆ ಕಟ್ಟುವ ಹತ್ತಿಯ ಹುರಿಯ ಉಂಡೆ ತೋರಿಸಿ, "ಅಗಲ ಇದರಲ್ಲಿ ಅಳೆದು ಕೊಡ್ತೇನೆ, ಆಗದಾ?" ಎಂದರು.

ಒದ್ದೆ ಪಂಚೆಯಲ್ಲಿ ಒಳಗೆ ಹೋದರು. ಗೋಡೆಯಿಂದ ಗೋಡೆಗೆ ಹುರಿ ಹಿಡಿದು ಎರಡು ಗಂಟು ಹಾಕಿ, ನೆಲ ತೊಳೆದು, ಹುರಿಯನ್ನು ಪಂಚೆಯ ಮಡಿಲಲ್ಲಿಟ್ಟು ತಂದರು. ಟೇಪಿನ ಪಕ್ಕ ಹಾಸಿದೆ. 2.79 ಮೀಟರ್. ಲೆಕ್ಕಕ್ಕಿಂತ 9 ಸೆಂ.ಮೀ. ಕಡಿಮೆ. ಬದಿಯ ಗೋಡೆಗಳು ಒಂದೊಂದೂ ನಾಲ್ಕೂವರೆ ಸೆಂ.ಮೀ. ಹೆಚ್ಚು ದಪ್ಪ ಎಂದು ಬರೆದುಕೊಂಡೂ ಬಿಟ್ಟೆ. ಅದಕ್ಕೊಂದು ಕಾರಣವನ್ನೂ ಮನಸ್ಸಿನಲ್ಲೇ ಕಟ್ಟಿದ್ದೆ.

ಹುರಿಯನ್ನು ಕಿಟಕಿಯ ಸರಳಿಗೆ ನೇತುಹಾಕಿ ಚಹಾಕ್ಕೆ ಹೋದೆವು. ಬಂದು ಸಹಪಾಠಿ ಸುಮ್ಮನೆ ಇನ್ನೊಮ್ಮೆ ಅಳೆದ. 2.85. ಅದೇ ಹುರಿ, ಅವೇ ಗಂಟುಗಳು. ಹೊಸೆದ ಹತ್ತಿ ನೀರು ಕುಡಿದರೆ ಎಳೆಗಳು ಉಬ್ಬಿ, ಹೊಸೆತ ಬಿಗಿದು, ಉದ್ದ ಕುಗ್ಗುತ್ತದೆ. ಒಣಗಿದರೂ ಪೂರ್ತಿ ಹಿಂದಿನಂತಾಗುವುದಿಲ್ಲ. ಗಂಟು ಹಾಕುವಾಗ ಒಣಗಿದ್ದ ಹುರಿ ನಮ್ಮ ಕೈಗೆ ಬರುವಷ್ಟರಲ್ಲಿ ನೆನೆದಿತ್ತು. ಒಂದೇ ಸಲ ಅಳೆದು ಗಂಟುಮೂಟೆ ಕಟ್ಟಿದ್ದರೆ, ಇಲ್ಲದ ದಪ್ಪ ಗೋಡೆ ನನ್ನ ನಕ್ಷೆಯಲ್ಲಿ ಎದ್ದು ನಿಲ್ಲುತ್ತಿತ್ತು, ಅದನ್ನು ನಂಬಿ ಆಚಾರಿಯವರು ಮರ ಕೊಯ್ಯುತ್ತಿದ್ದರು.

ದಾರಿ ತೋರಿಸಿದವರು ಅವರೇ. ತೋಟದಿಂದ ಅಡಿಕೆಯ ಎರಡು ದಬ್ಬೆ ತರಿಸಿ, ಒಂದೊಂದನ್ನು ಸುಮಾರು ಎರಡು ಮೀಟರಿಗೆ ಕಡಿದು, ತುದಿ ಚೊಕ್ಕ ಮಾಡಿದರು. ಒಂದರ ತುದಿ ಈ ಗೋಡೆಗೆ, ಇನ್ನೊಂದರ ತುದಿ ಆ ಗೋಡೆಗೆ ತಾಗಿಸಿ, ನಡುವೆ ಒಂದರ ಮೇಲೊಂದು ಸರಿಸಿ ಒಟ್ಟಿಗೆ ಹಿಡಿಯಬೇಕು. ಎರಡಕ್ಕೂ ಅಡ್ಡಲಾಗಿ ಒಂದು ಗುರುತು ಎಳೆದರೆ, ಬೇರೆ ಬೇರೆಯಾಗಿ ಹೊರಗೆ ತಂದು ಮತ್ತೆ ಗುರುತಿಗೆ ಗುರುತು ಕೂಡಿಸಿದರಾಯಿತು. ಮರ ನೆನೆದರೆ ಅಡ್ಡಡ್ಡ ಉಬ್ಬಬಹುದು, ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆದ್ದರಿಂದ ಭಟ್ರು ಬಾವಿಯ ನೀರು ಸುರಿದು ಶುದ್ಧ ಮಾಡಿಕೊಂಡರೂ ತೊಂದರೆಯಿಲ್ಲ. ಸಂಜೆಯ ಪೂಜೆಗೆ ಒಳಗೆ ಹೋದಾಗ ಕುಂಕುಮದಲ್ಲಿ ಗೆರೆ ಹಾಕಿ ತಂದರು. ಅಂಗಣದ ಹೊರಗೆ, ದೀಪದ ಬೆಳಕಿನಲ್ಲಿ ಎರಡು ಕೆಂಪು ಗೆರೆಗಳನ್ನು ಕೂಡಿಸಿ ಅಳೆದೆ. 2.87. ಒಳಗಾರೆಯ ಒಂದು ಸೆಂ.ಮೀ. ಬಿಟ್ಟರೆ ನಾಲ್ಕು ಕೋಲು.

ಆ ಖುಷಿಯಲ್ಲೇ ಕೇಳಿದೆ, "ಭಟ್ರೇ, ಒಳಗೆ ಹಿಂಗೋಡೆ ದುಂಡಗೈತೋ, ಚೌಕಾನೋ?"

ಅವರು ದಬ್ಬೆಗಳನ್ನು ಗೋಡೆಗೆ ಒರಗಿಸುತ್ತಿದ್ದವರು ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಅದು ನಿಮ್ಮ ಪತ್ರದಲ್ಲಿ ಇರ್ಲಿಲ್ಲವಲ್ಲ" ಎಂದರು. ಟ್ರಸ್ಟಿನವರು ಒಪ್ಪಿದ್ದು ಅಗಲಕ್ಕೆ, ಅಷ್ಟನ್ನು ತಾವು ಕೊಟ್ಟಾಯಿತು. ದೇವರ ಹಿಂದೆ ಏನಿದೆ ಎಂಬುದು ತಾವು ಒಬ್ಬರೇ ಹೇಳಿಬಿಡುವ ಮಾತಲ್ಲ ಎಂದರು.

ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಏಳನೆಯ ಹಾಳೆಯ ಮುಂದೆ ಪರೀಕ್ಷಕರು ನಿಂತರು. ಹೊರಗೆ ದುಂಡಗಿರುವ ಗುಡಿ ಒಳಗೂ ದುಂಡಗಿರಬಹುದು, ಚೌಕವೂ ಇರಬಹುದು. ನನ್ನ ಹೋಲಿಕೆಯ ಅಧ್ಯಾಯಕ್ಕೆ ಬೇಕಾದ ಸಂಗತಿಯೇ ಅದು. ಒಳಗೆರೆ ಏಕೆ ನಿಂತಿತು ಎಂದು ಕೇಳಿದಾಗ, ಪತ್ರದ ಪ್ರತಿ ತೋರಿಸಿದೆ. ಊಹೆಯ ಮೇಲೆ ಚುಕ್ಕಿಗೆರೆಯನ್ನಾದರೂ ಎಳೆಯಬಹುದಿತ್ತಲ್ಲ ಎಂದರು. ಮುಂದಿನವರು ಚುಕ್ಕಿಗೆರೆಯನ್ನು ನೋಡಿ ತುಂಬುಗೆರೆ ಎಳೆಯುತ್ತಾರೆ ಎಂದೆ. ಅಂಕ ಎಷ್ಟು ಹೋಯಿತೋ ಹೋಯಿತು.

ಮೊನ್ನೆ ಮೊಕ್ತೇಸರರಿಗೆ ಜೀರ್ಣೋದ್ಧಾರಕ್ಕೆಂದು ಒಪ್ಪಿಸಬೇಕಿದ್ದ ನಕ್ಷೆಗಳ ಪೂರ್ತಿ ಪ್ರತಿ ತಲುಪಿತು. ದೂರವಾಣಿ ಮಾಡಿದ್ದರು. ಆಚಾರಿಯವರು ಪಕ್ಕಾಸುಗಳಿಗೆ ಸಂಖ್ಯೆ ಹಾಕಲು ಶುರು ಮಾಡಿದ್ದಾರಂತೆ. ಆ ಎರಡು ದಬ್ಬೆಗಳನ್ನು ಉಗ್ರಾಣದಲ್ಲಿ ಕಟ್ಟಿಟ್ಟಿದ್ದಾರಂತೆ, ಕುಂಕುಮದ ಗೆರೆ ಇನ್ನೂ ಅಳಿಸಿಲ್ಲವಂತೆ. ನಾನು ಒಳಗೋಡೆಯ ಮಾತು ಎತ್ತಲಿಲ್ಲ. ದೂರವಾಣಿಯಲ್ಲಿ ಕೇಳುವುದು ಸರಿಯೆನಿಸಲಿಲ್ಲ. ರಾತ್ರಿ ಕೂತು ಕಾಗದ ಬರೆದೆ: "ಮಾನ್ಯ ಆಡಳಿತ ಮೊಕ್ತೇಸರರಿಗೆ ಮತ್ತು ಟ್ರಸ್ಟಿನ ಸರ್ವ ಸದಸ್ಯರಿಗೆ ವಂದನೆಗಳು. ಜೀರ್ಣೋದ್ಧಾರದ ಹೊತ್ತಿಗೆ ದೇವರು ಬಾಲಾಲಯಕ್ಕೆ ಬಂದ ಮೇಲೆ, ತಮಗೆ ಮತ್ತು ತಂತ್ರಿಗಳಿಗೆ ಸಮ್ಮತವಾದರೆ, ಒಂದೇ ಒಂದು ಸಂಗತಿ ತಿಳಿಸಿಕೊಡಬೇಕಾಗಿ ವಿನಂತಿ." ಈ ಸಲ ಪಂಚಾಂಗ ನೋಡಿಯೇ ಅಂಚೆಗೆ ಹಾಕಿದ್ದೇನೆ.